ಆರ್ಡರ್ ಒಂದ, ರೊಕ್ಕ ಎರಡ ಸಲ: ಹೋದ 638 ರೂಪಾಯಿ ಯಾರ ಹತ್ರ ಕುಂತೈತಿ?

ಪ್ರಶ್ನೆ: ಸರ್ ನಮಸ್ಕಾರ ರೀ, ನಾವು ಹುಬ್ಬಳ್ಳಿ ಕೇಶ್ವಾಪುರದವ್ರು. ಭಾನುವಾರ ರಾತ್ರಿ ಮನಿಗೆ ಬೀಗರು ಬಂದಿದ್ರು ಅಂತ ಆ್ಯಪ್‌ನ್ಯಾಗ ಸಾವಜಿ ಊಟ ತರಿಸಿದ್ವಿ, ಬಿಲ್ 638. ಮೊದಲ ಸಲ ಯುಪಿಐ ಪಿನ್ ಹಾಕಿದ್ಮ್ಯಾಲೆ ಸುಮ್ನ ತಿರುಗಿ ತಿರುಗಿ ಪೇಮೆಂಟ್ ಫೇಲ್ ಅಂತು, ಮತ್ತ ಕಟ್ಟಿದೆ, ಆರ್ಡರ್ ಆತು. ಊಟ ಒಂದ ಬಂತು, ಅಕೌಂಟಿಂದ 638 ಎರಡ ಸಲ ಹೋಗ್ಯಾವ. ಆ್ಯಪ್‌ನವ್ರು ಬ್ಯಾಂಕಿಗೆ ಕೇಳ್ರಿ ಅಂತಾರ, ಬ್ಯಾಂಕ್‌ನವ್ರು ಆ್ಯಪ್‌ನವ್ರಿಗೆ ಕೇಳ್ರಿ ಅಂತಾರ. ಇವತ್ತಿಗೆ ನಾಕ ದಿನ ಆತು. ಏನ ಮಾಡ್ಲಿ?

ಉತ್ತರ: ಅಕ್ಕಾರ, ಇನ್ನೊಮ್ಮೆ ಬ್ಯಾಂಕಿಗೆ ಹೋಗಬ್ಯಾಡ್ರಿ, ಆ್ಯಪ್‌ನವ್ರ ಜೋಡಿನೂ ಈಗ ಜಗಳ ತಗೀಬ್ಯಾಡ್ರಿ. ಮೊದಲ ಐದು ನಿಮಿಷ ಕುಂತು ಮೊಬೈಲ್ ಒಳಗ ಒಂದ ನೋಡ್ರಿ, ಯಾಕಂದ್ರ ಇಬ್ಬರೂ ನಿಮ್ಮನ್ನ ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆ ಓಡಸಾಕತ್ತಿದ್ದು ಬರೇ ಉಡಾಫೆಯಿಂದಲ್ಲ, ನೀವು ಹೇಳಿದ್ದರಾಗ ಆ ಹೆಚ್ಚಿನ 638 ಈಗ ಯಾರ ಕೈಯಾಗ ಐತಿ ಅನ್ನೋದು ಅವ್ರಿಗೆ ಗೊತ್ತಾಗಾಕತ್ತಿಲ್ಲ. ಅದು ಗೊತ್ತಾತು ಅಂದ್ರ ಮುಂದಿನ ದಾರಿ ಒಂದ ಉಳೀತೈತಿ.

ನೀವು ಯಾವ ಯುಪಿಐ ಆ್ಯಪ್‌ನಿಂದ ರೊಕ್ಕ ಕಟ್ಟಿರೋ ಅದರ ಹಿಸ್ಟರಿ ತಗೀರಿ. ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿ ನಿರ್ಧಾರ ಮಾಡಬ್ಯಾಡ್ರಿ, ಎಸ್ಸೆಮ್ಮೆಸ್ ಬರೇ ನಿಮ್ಮ ಖಾತೆಯಿಂದ ಹೋತು ಅಂತ ಹೇಳ್ತೈತಿ, ಎಲ್ಲಿಗೆ ಮುಟ್ಟಿತು ಅಂತ ಹೇಳಂಗಿಲ್ಲ. ಹಿಸ್ಟರಿಯೊಳಗ ಭಾನುವಾರ ರಾತ್ರಿದು ಎರಡು 638 ಕಾಣಸ್ತಾವ, ಒಂದೊಂದನ್ನ ಒತ್ತಿದ್ರ ಒಳಗ ಸ್ಟೇಟಸ್ ಮತ್ತ ಆ ಒಂದು ವ್ಯವಹಾರಕ್ಕಷ್ಟ ಇರೋ 12 ಅಂಕಿದೊಂದು ಯುಟಿಆರ್ ನಂಬರ್ ಇರ್ತೈತಿ. ಎರಡೂ ನಂಬರ್ ಒಂದು ಹಾಳಿ ಮ್ಯಾಲ ಬರಕೊಳ್ರಿ, ಬಾಜೂಕ ಟೈಮ್ ಬರೀರಿ, ಅದರ ಬಾಜೂಕ ಸ್ಟೇಟಸ್ ಏನೈತಿ ಅದನ್ನ ಬರೀರಿ. ಮೊದಲನೇದು ಫೇಲ್ ಇಲ್ಲಾ ಪೆಂಡಿಂಗ್ ಅಂತಿದ್ರ ರೊಕ್ಕ ಬ್ಯಾಂಕುಗಳ ನಡುವ ಸಿಕ್ಕೊಂಡೈತಿ, ಊಟದ ಆ್ಯಪ್‌ನವ್ರ ಕೈಗೆ ಅದು ಬಂದೇ ಇಲ್ಲ. ಎರಡೂ ಸಕ್ಸೆಸ್ ಅಂತಿದ್ರ ರೊಕ್ಕ ಅವ್ರ ಕಡೆ ಹೋಗಿ ಕುಂತೈತಿ, ಬ್ಯಾಂಕಿನ ಮ್ಯಾನೇಜರ್ ತಲಿ ಕೆಳಗ ಮಾಡಿ ನಿಂತ್ರೂ ಶಾಖೆಯೊಳಗ ಕುಂತು ಅಲ್ಲಿಂದ ಜಗ್ಗಿ ತರಾಕ ಆಗಂಗಿಲ್ಲ.

ನಾಕ ದಿನ ಆಗೇತಿ ಅಂದಿದ್ದಕ್ಕ ನನ್ನ ಅಂದಾಜು ನಿಮ್ಮದು ಎರಡನೇ ಥರದ್ದು. ನಾನು ಹತ್ತು ವರ್ಷದ ಮ್ಯಾಲ ಪೇಮೆಂಟ್ ಕಂಪನಿಯೊಳಗ ತಾಳೆ ನೋಡೋ ಟೇಬಲ್ ಮ್ಯಾಲ ಕುಂತಾಂವ, ನಮ್ಮ ಕೆಲಸ ಏನಂದ್ರ ಜವಳಿ ಸಾಲಿನ್ಯಾಗ ಹಳೇ ಗುಮಾಸ್ತರು ರಾತ್ರಿ ಕುಂತು ಕಿರ್ದಿಗೂ ಪೆಟ್ಟಿಗಿಗೂ ತಾಳೆ ಹಾಕ್ತಿದ್ರಲ್ಲ, ಅದ ಕೆಲಸ, ಇಲ್ಲಿ ಲಕ್ಷಗಟ್ಟಲೆ ಎಂಟ್ರಿ ಇರ್ತಾವ ಅಷ್ಟ. ಅಲ್ಲಿ ದಿನಾ ಕಾಣೋದು ಇದ.

ಆಗೋದು ಹೆಂಗಂದ್ರ, ನೀವು ಪಿನ್ ಹಾಕಿದ ಕೂಡಲೇ ನಿಮ್ಮ ಬ್ಯಾಂಕು ರೊಕ್ಕ ಕಡಿದುಬಿಡ್ತೈತಿ. ಆಮ್ಯಾಲ ಆ ಸುದ್ದಿ ಯುಪಿಐ ನಡಸೋ ಎನ್‌ಪಿಸಿಐ ಸಂಸ್ಥೆ ಮೂಲಕ ಆ್ಯಪ್‌ನವ್ರ ಬ್ಯಾಂಕಿಗೆ, ಅಲ್ಲಿಂದ ಅವ್ರ ಸಲುವಾಗಿ ರೊಕ್ಕ ತಗೊಳ್ಳೋ ಪೇಮೆಂಟ್ ಗೇಟ್‌ವೇ ಕಂಪನಿಗೆ, ಅಲ್ಲಿಂದ ಊಟದ ಆ್ಯಪ್‌ಗೆ ಮುಟ್ಟಬೇಕು. ಭಾನುವಾರ ರಾತ್ರಿ ಎಂಟೂವರಿ ಅಂದ್ರ ಎಲ್ಲಾರೂ ಕಟ್ಟೋ ಹೊತ್ತು, ಯಾವುದೋ ಒಂದು ಕಡೆ ಉತ್ತರ ಬರೋದು ತಡಾ ಆಗ್ತೈತಿ. ಊಟದ ಆ್ಯಪ್ ಭಾಳ ಹೊತ್ತು ಕಾಯಂಗಿಲ್ಲ, ಅದಕ್ಕ ತನ್ನದೊಂದು ಗಡಿಯಾರ ಇರ್ತೈತಿ, ಅದು ಮುಗೀತು ಅಂದ್ರ ಪೇಮೆಂಟ್ ಫೇಲ್ ಅಂತ ತೋರಿಸಿ ಮತ್ತ ಕಟ್ಟು ಅನ್ನೋ ಬಟನ್ ಮುಂದ ಇಡ್ತೈತಿ. ಅದು ಫೇಲ್ ಅಂದಿದ್ದರ ಅರ್ಥ ನನಗ ಸುದ್ದಿ ಬರಲಿಲ್ಲ ಅಂತ, ರೊಕ್ಕ ಹೋಗಿಲ್ಲ ಅಂತಲ್ಲ! ನೀವು ಮತ್ತ ಕಟ್ಟಿದ್ರಿ, ಅದಕ್ಕ ಬ್ಯಾರೆ ಯುಟಿಆರ್ ಹುಟ್ಟಿತು, ಅದರ ಸುದ್ದಿ ಲಗೂನ ಬಂತು, ಆರ್ಡರ್ ಅದಕ್ಕ ಗಂಟು ಬಿತ್ತು. ಎರಡ ನಿಮಿಷ ಬಿಟ್ಟು ಮೊದಲನೇದರ ಸುದ್ದಿನೂ ಬಂತು, ಆದ್ರ ಆರ್ಡರ್ ಆಗ್ಲೇ ತುಂಬಿತ್ತು. ಹಿಂಗಾಗಿ ಮೊದಲನೇ 638 ಗೇಟ್‌ವೇ ಲೆಕ್ಕದಾಗ ಯಾವ ಆರ್ಡರಿಗೂ ಸೇರದ ರೊಕ್ಕ ಆಗಿ ಉಳೀತೈತಿ.

ಈಗ ಗೊತ್ತಾತಲ್ಲ, ಚಾಟ್‌ನ್ಯಾಗ ಕುಂತ ಹುಡುಗ ನಮ್ಮಲ್ಲಿ ಒಂದ ಪೇಮೆಂಟ್ ಐತಿ ಮೇಡಂ ಅಂತ ಯಾಕ ಅಂತಾನ ಅಂತ. ಅಂವ ಸುಳ್ಳ ಹೇಳಾಕತ್ತಿಲ್ಲ. ಅಂವ ನೋಡೋದು ಆರ್ಡರ್ ನಂಬರ್, ಆರ್ಡರ್ ಒಳಗ ಗಂಟು ಬಿದ್ದದ್ದು ಒಂದ ಪೇಮೆಂಟ್. ಇನ್ನೊಂದು ಆ ಪರದೆ ಮ್ಯಾಲ ಕಾಣಂಗೇ ಇಲ್ಲ, ಅದು ಅವ್ರ ಪೇಮೆಂಟ್ ಟೀಮಿನ ಪುಸ್ತಕದಾಗ ಐತಿ. ನೀವು ಆರ್ಡರ್ ನಂಬರ್ ಹೇಳಿ ಎರಡ ಸಲ ಕಟ್ ಆಗೇತಿ ಅಂತ ಹತ್ತು ಸಲ ಬರದ್ರೂ ಅಂವಗ ಅದ ಒಂದ ಪೇಮೆಂಟ್ ಕಾಣಸ್ತೈತಿ. ಅದಕ್ಕ ಕೇಳೋ ರೀತಿ ಬದಲ ಮಾಡಬೇಕು, ಆರ್ಡರ್ ಮ್ಯಾಲಿಂದ ಹುಡುಕಸೋದು ಬಿಟ್ಟು ಯುಟಿಆರ್ ಮ್ಯಾಲಿಂದ ಹುಡುಕಸಬೇಕು.

ಆದ್ರ ಅವ್ರಿಗೆ ಬರಿಯೋಕಿಂತ ಮೊದಲ ಒಂದ ಕೆಲಸ ಬಾಕಿ ಐತಿ, ರೊಕ್ಕ ಆಗ್ಲೇ ಹೊಳ್ಳಿ ಬಂದೈತೇನು ಅಂತ ನೋಡೋದು. ನಗಬ್ಯಾಡ್ರಿ, ನಮ್ಮ ಭಾವನ ಕಥಿನೇ ಹೇಳ್ತೇನಿ. ಅವ್ರು ಗದಗದಾಗ ಇರ್ತಾರ, ಶನಿವಾರ ರಾತ್ರಿ 412 ರೂಪಾಯಿದ್ದು ಊಟ ತರಿಸಿದ್ರು, 8:52ಕ್ಕ ಒಂದ ಸಲ ಹೋತು, ಆ್ಯಪ್ ಫೇಲ್ ಅಂತು, 8:58ಕ್ಕ ಮತ್ತ ಕಟ್ಟಿದ್ರು. ಭಾನುವಾರ ಚಾಟ್‌ನ್ಯಾಗ ಜಗಳ. ಸೋಮವಾರ ಕೆಲಸ ಬಿಟ್ಟು ಬ್ಯಾಂಕಿಗೆ ಹೋಗಿ ಪಾಳೇದಾಗ ನಿಂತ್ರು, ಅಲ್ಲಿ ಕೌಂಟರಿನಾಕಿ ಎರಡೂ ಸಕ್ಸೆಸ್ ಅದಾವ ರೀ ನಾವೇನ ಮಾಡೂಣು ಅಂದ್ಳು. ಮಂಗಳವಾರ ಸಿಟ್ಟಿಗೆದ್ದು ನನಗ ಫೋನ್ ಹಚ್ಚಿದ್ರು. ನಾ ಎರಡೂ ಯುಟಿಆರ್ ಹಾಕಿ ಒಂದ ಮೆಸೇಜ್ ಬರದು ಕೊಟ್ಟೆ, ಸಂಜಿಕ ಉತ್ತರ ಬಂತು: 8:52ರ ಪೇಮೆಂಟ್ ಭಾನುವಾರನ ರಿಫಂಡ್ ಮಾಡೇವಿ, ರಿಫಂಡ್ ನಂಬರ್ ಇದು ನೋಡ್ರಿ ಅಂತ. ಭಾವ ಎಲ್ಲಿ ಬಂದೈತಿ ಬಂದೇ ಇಲ್ಲ ಅಂತ ಕೂಗ್ಯಾಡಿದ್ರು. ಬ್ಯಾಂಕಿನ ಸ್ಟೇಟ್‌ಮೆಂಟ್ ತಗಿಸಿ ನೋಡಿದ್ರ ಸೋಮವಾರದ ತಾರೀಖಿಗೆ 412 ಜಮಾ ಆಗಿತ್ತು, ಅವ್ರು ಬ್ಯಾಂಕಿನ ಪಾಳೇದಾಗ ನಿಂತಿದ್ದ ದಿನಾನ!

ಕಾಣದಿದ್ದದ್ದು ಯಾಕಂದ್ರ, ಜಮಾ ಆದದ್ದು ಊಟದ ಆ್ಯಪ್‌ನ ಹೆಸರಿಲೆ ಅಲ್ಲ, ಅವ್ರ ಗೇಟ್‌ವೇ ಕಂಪನಿ ಹೆಸರಿಲೆ. ನಂಬರೂ ಬ್ಯಾರೆ, ಯಾಕಂದ್ರ ರಿಫಂಡ್ ಅಂದ್ರ ಹೊಸಾ ವ್ಯವಹಾರ, ಹಳೇ ಕಟ್ ಆದ ಸಾಲು ಹಂಗ ಉಳೀತೈತಿ, ಅದು ಅಳಿಸಿ ಹೋಗಂಗಿಲ್ಲ. ಯುಪಿಐ ಆ್ಯಪ್‌ನ ಹಿಸ್ಟರಿಯೊಳಗ ಕೆಲವೊಮ್ಮೆ ಇದು ಕಾಣಂಗೂ ಇಲ್ಲ, ಬ್ಯಾಂಕಿನ ಸ್ಟೇಟ್‌ಮೆಂಟ್ ಒಳಗಷ್ಟ ಇರ್ತೈತಿ. ಅದಕ್ಕ ನೀವು ಹೆಸರು ಹುಡುಕಬ್ಯಾಡ್ರಿ, ಭಾನುವಾರದಿಂದ ಇವತ್ತಿನ ತನಕದ ಸ್ಟೇಟ್‌ಮೆಂಟ್ ತಗೊಂಡು ಜಮಾ ಕಾಲಮ್‌ನ್ಯಾಗ 638 ಅನ್ನೋ ಅಂಕಿ ಹುಡುಕ್ರಿ. ಯಾವ ಖಾತೆಯಿಂದ ಕಟ್ ಆಗಿತ್ತೋ ಅದ ಖಾತೆ ನೋಡಬೇಕು. ಮೊದಲ ಸಲ ಒಂದು ಬ್ಯಾಂಕು, ಫೇಲ್ ಅಂದಿದ್ದಕ್ಕ ಎರಡನೇ ಸಲ ಇನ್ನೊಂದು ಬ್ಯಾಂಕು ಆರಿಸಿ ಕಟ್ಟಿರ್ತೀರಿ, ಆಮ್ಯಾಲ ಎರಡನೇ ಖಾತೆಯಾಗ ರಿಫಂಡ್ ಹುಡುಕ್ತೀರಿ, ಇದು ನಾ ಭಾಳ ಮಂದಿ ಕಡೆ ನೋಡೇನಿ.

ಬಂದಿಲ್ಲ ಅಂತ ಖಾತ್ರಿ ಆತು ಅಂದ್ರ ಆ್ಯಪ್‌ನ ಹೆಲ್ಪ್ ಒಳಗ ಹೋಗಿ ಆ ಆರ್ಡರ್ ಆರಿಸಿ ಹಿಂಗ ಬರೀರಿ, ಇಂಗ್ಲಿಷ್ ಬೇಕಂದ್ರ ಇದನ್ನ ಇಂಗ್ಲಿಷಿಗೆ ತಿರುವಿ ಹಾಕ್ರಿ, ಆದ್ರ ಮಾತು ಇಷ್ಟ ಇರ್ಲಿ:

"ಈ ಆರ್ಡರಿಗೆ ಒಂದೇ ಖಾತೆಯಿಂದ ಎರಡು ಯುಪಿಐ ಪೇಮೆಂಟ್ ಆಗಿವೆ, ಎರಡೂ ಸಕ್ಸೆಸ್. ಒಂದನೆಯದು ರಾತ್ರಿ ಇಷ್ಟು ಗಂಟೆಗೆ, ಯುಟಿಆರ್ ಇಂಥದು. ಎರಡನೆಯದು ಇಷ್ಟು ಗಂಟೆಗೆ, ಯುಟಿಆರ್ ಇಂಥದು. ಇವೆರಡರಲ್ಲಿ ಯಾವ ಯುಟಿಆರ್ ಈ ಆರ್ಡರಿಗೆ ಜೋಡಣೆ ಆಗಿದೆ ಹೇಳಿ. ಉಳಿದದ್ದನ್ನು ಪೇಮೆಂಟ್ ಟೀಮ್ ಗೇಟ್‌ವೇಯಲ್ಲಿ ಯುಟಿಆರ್ ಹಾಕಿ ನೋಡಲಿ, ರೊಕ್ಕ ಬಂದ ಖಾತೆಗೇ ರಿಫಂಡ್ ಮಾಡಿ, ರಿಫಂಡಿನ ನಂಬರ್ ಮತ್ತು ತಾರೀಖು ಕಳಿಸಿ."

ಇದರ ಜೋಡಿ ಎರಡೂ ಪೇಮೆಂಟಿನ ಸ್ಕ್ರೀನ್‌ಶಾಟ್ ಮತ್ತ ಸ್ಟೇಟ್‌ಮೆಂಟಿನ ಆ ಒಂದ ಹಾಳಿ ಹಚ್ರಿ, ಖಾತೆ ನಂಬರಿನ ಕೊನೇ ನಾಕ ಅಂಕಿ ಬಿಟ್ಟು ಉಳಿದದ್ದು ಅಳಿಸಿ, ಬ್ಯಾಲೆನ್ಸ್ ಕಾಣದಂಗ ಮಾಡಿ. ಯಾವುದು ಜೋಡಣೆ ಆಗೇತಿ ಅಂತ ಕೇಳೋ ಸಾಲು ಮಾತ್ರ ಬಿಡಬ್ಯಾಡ್ರಿ. ಆ ಪ್ರಶ್ನೆಗೆ ಹೌದು ಅಲ್ಲ ಅಂತ ಉತ್ತರ ಕೊಡಾಕ ಆಗಂಗಿಲ್ಲ, ಒಂದ ನಂಬರ್ ಹೇಳಲೇಬೇಕು, ಒಂದ ಹೇಳಿದ್ರ ಇನ್ನೊಂದು ತಾನಾಗೇ ಹೆಚ್ಚಿನದು ಅಂತ ಆತು. ಸಾಮಾನ್ಯವಾಗಿ ಮೊದಲನೇದ ಹೆಚ್ಚಿನದಾಗಿರ್ತೈತಿ, ಆದ್ರ ನೀವಾಗೇ ಅದನ್ನ ಹೇಳಾಕ ಹೋಗಬ್ಯಾಡ್ರಿ, ತಪ್ಪಿದ್ರ ಅವ್ರಿಗೆ ಟಿಕೆಟ್ ಮುಚ್ಚಾಕ ಒಂದ ನೆವ ಸಿಗ್ತೈತಿ.

ಇಷ್ಟರಾಗ ಕೆಲವರು ಎಡವೋದು ಎಲ್ಲೆಂದ್ರ ಆರ್ಡರ್ ಕ್ಯಾನ್ಸಲ್ ಮಾಡೋದು. ಎರಡ ಸಲ ಕಟ್ ಆತು ಅಂತ ಗಾಬರಿ ಆಗಿ, ಊಟ ಇನ್ನ ಬರೋದರಾಗ ಕ್ಯಾನ್ಸಲ್ ಒತ್ತಿದ್ರ, ಹೊಳ್ಳಿ ಬರೋದು ಆರ್ಡರಿಗೆ ಗಂಟು ಬಿದ್ದ ರೊಕ್ಕ, ಅದರಾಗೂ ಕ್ಯಾನ್ಸಲ್ ಚಾರ್ಜ್ ಅಂತ ಮುರಕೋಬಹುದು, ಹೆಚ್ಚಿನದು ಎಲ್ಲಿತ್ತೋ ಅಲ್ಲೇ ಇರ್ತೈತಿ, ಮ್ಯಾಲ ಊಟಾನೂ ಹೋತು. ಇನ್ನೊಂದು, ಅವ್ರು ಲಗೂನ ಕೊಡ್ತೇವಿ ಅಂತ ಆ್ಯಪ್‌ನ ವಾಲೆಟ್‌ಗೆ ಹಾಕ್ತೇವಿ ಅಂತಾರ, ನೀವು ಹೂಂ ಅಂದ್ರ ಅದು ಮತ್ತ ಅಲ್ಲೇ ಊಟ ತರಿಸಿ ತೀರಸೋ ರೊಕ್ಕ ಆಗ್ತೈತಿ, ಕೂಪನ್ ಆದ್ರ ಅದಕ್ಕ ಮುಗಿಯೋ ತಾರೀಖೂ ಇರಬಹುದು. ವಾರಕ್ಕ ನಾಕ ಸಲ ತರಿಸೋರಾದ್ರ ತಗೊಳ್ರಿ, ನಾ ಆದ್ರ ಖಾತೆಗೇ ಹಾಕ್ರಿ ಅಂತೇನಿ.

ಇನ್ನ ಗೂಗಲ್‌ನ್ಯಾಗ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಹಚ್ಚೋದು, ಇದನ್ನ ಮಾತ್ರ ಕೈ ಮುಗಿದು ಹೇಳ್ತೇನಿ ಮಾಡಬ್ಯಾಡ್ರಿ. ಹಿಂಗ ರೊಕ್ಕ ಸಿಕ್ಕೊಂಡವರ ಸಲುವಾಗೇ ಸುಳ್ಳ ನಂಬರ್ ಹಾಕಿ ಕುಂತವ್ರ ಅದಾರ, ಚಲೋ ಕನ್ನಡದಾಗ ಮಾತಾಡ್ತಾರ, ರಿಫಂಡ್ ಹಾಕ್ತೇವಿ ಈ ಆ್ಯಪ್ ಇಳಿಸ್ರಿ, ಈ ಕ್ಯೂಆರ್ ಸ್ಕ್ಯಾನ್ ಮಾಡ್ರಿ, ಪಿನ್ ಹಾಕ್ರಿ ಅಂತಾರ. ರೊಕ್ಕ ಬರಾಕ ಪಿನ್ ಬೇಕಾಗಿಲ್ಲ, ಸ್ಕ್ಯಾನ್‌ನೂ ಬೇಕಾಗಿಲ್ಲ. ಹಂಗೇನರ ಆಗಿ ಹೋಗಿದ್ರ ತಡಾ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚಬೇಕು, 638ರ ಚಿಂತಿ ಆಮ್ಯಾಲ.

ಈಗ ನಿಮ್ಮ ಹಾಳಿ ಮ್ಯಾಲ ಮೊದಲನೇದರ ಸ್ಟೇಟಸ್ ಫೇಲ್ ಇಲ್ಲಾ ಪೆಂಡಿಂಗ್ ಅಂತ ಬಂದಿದ್ರ ಏನಂತ ನೋಡೂಣು. ಆಗ ಬ್ಯಾಂಕಿನದ ಹೊಣೆ, ಅದಕ್ಕ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ಕ್ಕ ಒಂದು ಸುತ್ತೋಲೆ ಹೊರಡಿಸೇತಿ. ಅಂಗಡಿಯವ್ರಿಗೆ ಇಲ್ಲಾ ಇಂಥ ಆ್ಯಪ್‌ಗೆ ಯುಪಿಐಲೆ ಕಟ್ಟಿದಾಗ ಖಾತೆಯಿಂದ ರೊಕ್ಕ ಹೋಗಿ ಅವ್ರಿಗೆ ಸುದ್ದಿ ಮುಟ್ಟದಿದ್ರ, ಕಟ್ಟಿದ ದಿನದಿಂದ ಐದು ದಿನದೊಳಗ ತಾನಾಗೇ ಹೊಳ್ಳಿ ಹಾಕಬೇಕು, ತಡಾ ಆದ್ರ ದಿನಕ್ಕ 100 ರೂಪಾಯಿ ಪರಿಹಾರ, ಅದೂ ನೀವು ಕೇಳದೇ ಕೊಡಬೇಕು ಅಂತ ಅದರಾಗ ಐತಿ. ದಿನ ಎಣಸೋದು ಕ್ಯಾಲೆಂಡರ್ ದಿನ, ಸೂಟಿ ತಗದು ಎಣಸಂಗಿಲ್ಲ. ಭಾನುವಾರ ಕಟ್ಟೀರಿ ಅಂದ್ರ ಭಾನುವಾರ ಸೊನ್ನೆ, ಸೋಮವಾರ ಒಂದು, ಶುಕ್ರವಾರ ಐದು. ಶುಕ್ರವಾರ ರಾತ್ರಿ ತನಕ ಟೈಮ್ ಐತಿ, ಶನಿವಾರದಿಂದ ದಿನಕ್ಕ ನೂರರ ಮೀಟರ್ ಚಾಲೂ. ಮುಂದಿನ ಸೋಮವಾರ ಬಂತು ಅಂದ್ರ 638ರ ಜೋಡಿ ಶನಿವಾರ ಭಾನುವಾರ ಸೋಮವಾರದ 300 ಕೇಳಾಕ ನಿಮಗ ಹಕ್ಕೈತಿ. ಆದ್ರ ಈ ನೂರು ರೂಪಾಯಿ ಅನ್ನೋದು ಎರಡೂ ಸಕ್ಸೆಸ್ ಆದವ್ರಿಗೆ ಸಿಗಂಗಿಲ್ಲ, ಯಾಕಂದ್ರ ಅಲ್ಲಿ ವ್ಯವಹಾರ ಫೇಲ್ ಆಗೇ ಇಲ್ಲ, ಎರಡೂ ಸರಿಯಾಗಿ ಮುಟ್ಟ್ಯಾವ. ಮಂದಿ ಇದನ್ನ ಗೊಂದಲ ಮಾಡ್ಕೊಂಡು ಬ್ಯಾಂಕಿನ್ಯಾಗ ನೂರು ರೂಪಾಯಿ ಸಲುವಾಗಿ ಕೂಗ್ಯಾಡ್ತಾರ.

ಫೇಲ್ ಇಲ್ಲಾ ಪೆಂಡಿಂಗ್ ಇದ್ರೂ ಬ್ಯಾಂಕಿನ ಶಾಖೆಗೆ ಹೋಗೋ ಗರಜ ಇಲ್ಲ. ಯುಪಿಐ ಆ್ಯಪ್‌ನ್ಯಾಗ ಆ ವ್ಯವಹಾರ ಒತ್ತಿದ್ರ ಕೆಳಗ ದೂರು ಕೊಡೋ ಜಾಗ ಇರ್ತೈತಿ, ಅಲ್ಲಿಂದ ಕೊಟ್ಟದ್ದು ನಿಮ್ಮ ಬ್ಯಾಂಕಿನ ಯುಪಿಐ ಟೇಬಲ್‌ಗೆ ಹೋಗ್ತೈತಿ. ಕೌಂಟರಿನಾಕಿಗೆ ಅದು ಕಾಣಂಗಿಲ್ಲ, ಆಕೀನ ಬೈದೂ ಉಪಯೋಗ ಇಲ್ಲ.

ಎರಡೂ ಸಕ್ಸೆಸ್ ಇದ್ದು, ಯುಟಿಆರ್ ಹಾಕಿ ಬರದು, ಎರಡ ದಿನ ಆದ್ರೂ ಚಾಟ್‌ನವ್ರು ಅದ ಹಾಡ ಹಾಡಾಕತ್ತಿದ್ರ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಮೇಲ್ ಮಾಡ್ರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಹಿಂಗ ಮಾರೋ ಪ್ರತಿ ಕಂಪನಿನೂ ಒಬ್ಬರನ್ನ ಇಡಬೇಕು, ಅವ್ರ ಹೆಸರು ಮೇಲ್ ಐಡಿ ಆ್ಯಪ್ ಇಲ್ಲಾ ವೆಬ್‌ಸೈಟಿನ್ಯಾಗ ಹಾಕಿರಬೇಕು, ತಳದಾಗ ಷರತ್ತುಗಳ ನಡುವ ಹುಗದಿಟ್ಟಿರ್ತಾರ ಹುಡುಕ್ರಿ. ದೂರು ಮುಟ್ಟೈತಿ ಅಂತ 48 ತಾಸಿನೊಳಗ ಹೇಳಬೇಕು, ಒಂದು ತಿಂಗಳೊಳಗ ಬಗೆಹರಿಸಬೇಕು. ಮೇಲ್‌ನ ಮ್ಯಾಲಿನ ಸಾಲಿನ್ಯಾಗ ಯುಟಿಆರ್ ಹಾಕ್ರಿ. ನನ್ನ ಅನುಭವದಾಗ ನೂರಕ್ಕ ತೊಂಬತ್ತು ಇಲ್ಲೇ ಮುಗೀತಾವ, ಯಾಕಂದ್ರ ಈ ಮೇಲ್ ಓದೋರಿಗೆ ಪೇಮೆಂಟ್ ಟೀಮಿನ ಪುಸ್ತಕ ತಗಸೋ ಅಧಿಕಾರ ಇರ್ತೈತಿ, ಚಾಟ್‌ನ ಹುಡುಗಗ ಇರಂಗಿಲ್ಲ. ಇಲ್ಲೂ ಆಗಲಿಲ್ಲ ಅಂದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಾಗನ ಹೇಳ್ರಿ, ಅವ್ರು ಕಂಪನಿಗೆ ಮುಟ್ಟಸ್ತಾರ.

ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹಾಕ್ಲೇನು ಅಂತ ಭಾಳ ಮಂದಿ ಕೇಳ್ತಾರ. cms.rbi.org.in ಅಂತ ಐತಿ, ರೊಕ್ಕ ತಗೊಳಂಗಿಲ್ಲ, ಆದ್ರ ಅದು ಬ್ಯಾಂಕು ಮತ್ತ ಅಂಥ ಸಂಸ್ಥೆಗಳ ಮ್ಯಾಲಿನ ದೂರಿಗೆ, ಅದೂ ಮೊದಲ ಅವ್ರಿಗೇ ದೂರು ಕೊಟ್ಟು 30 ದಿನ ಕಾದ ಮ್ಯಾಲ ಇಲ್ಲಾ ಅವ್ರ ಉತ್ತರ ಸರಿ ಅನಿಸದಿದ್ದಾಗ. ಪೆಂಡಿಂಗ್ ರೊಕ್ಕ ಹೊಳ್ಳಿ ಹಾಕದ ಬ್ಯಾಂಕಿನ ಮ್ಯಾಲ ಇದು ಬರೋಬ್ಬರಿ ದಾರಿ. ಊಟದ ಆ್ಯಪ್ ರಿಫಂಡ್ ಮಾಡವಲ್ಲದು ಅಂತ ಇಲ್ಲಿ ಹಾಕಿದ್ರ ಇದು ನಮ್ಮ ವ್ಯಾಪ್ತಿಯೊಳಗ ಬರಂಗಿಲ್ಲ ಅಂತ ಹೊಳ್ಳಿ ಕಳಸ್ತಾರ, ಒಂದು ತಿಂಗಳು ಹೋತು.

ಅಂದಂಗ, ನಮ್ಮ ಓಣ್ಯಾಗ ಒಬ್ಬರಿಗೆ ಇನ್ನೊಂದು ಥರ ಆಗಿತ್ತು. ಆನ್‌ಲೈನ್ ಫೇಲ್ ಅಂದಿದ್ದಕ್ಕ ಮನಿಗೆ ಬಂದಾಗ ಕೊಡ್ತೇನಿ ಅಂತ ಆರಿಸಿದ್ರು, ಊಟ ತಂದ ಹುಡುಗ ತನ್ನ ಸ್ವಂತ ಕ್ಯೂಆರ್ ತೋರಿಸ್ದ, ಅದಕ್ಕ ಹಾಕಿದ್ರು, ರಾತ್ರಿ ನೋಡಿದ್ರ ಆನ್‌ಲೈನಿಂದೂ ಹೋಗಿತ್ತು. ಹುಡುಗನ ಖಾತೆಗೆ ಹೋದದ್ದು ಕಂಪನಿ ಪುಸ್ತಕದಾಗ ನಗದು ಅಂತ ಇರ್ತೈತಿ, ಆ ಯುಟಿಆರ್ ಹಾಕಿ ಹುಡುಕಿದ್ರ ಅವ್ರಿಗೆ ಏನೂ ಸಿಗಂಗಿಲ್ಲ. ನಿಮ್ಮದು ಹಂಗಿದ್ರ ಆನ್‌ಲೈನ್ ಯುಟಿಆರ್ ಒಂದನ್ನ ಕೊಟ್ಟು, ಆರ್ಡರ್ ನಗದು ಅಂತ ಮುಗದೈತಿ, ಅದಕ್ಕ ಈ ಪೇಮೆಂಟ್ ಹೆಚ್ಚಿನದು ಅಂತ ಬರೀರಿ. ಹುಡುಗನ ಬೆನ್ನ ಹತ್ತಬ್ಯಾಡ್ರಿ, ಅಂವ ಅಷ್ಟು ನಗದು ಆಗ್ಲೇ ಕಂಪನಿಗೆ ತುಂಬಿರ್ತಾನ.

ಕೊನೇಕ ಒಂದ. ಆ್ಯಪ್‌ಗೂ ಬರದು, ಯುಪಿಐ ಆ್ಯಪ್‌ನಿಂದ ಬ್ಯಾಂಕಿಗೂ ದೂರು ಕೊಟ್ಟಿದ್ರ ಇಬ್ಬರೂ ಬ್ಯಾರೆ ಬ್ಯಾರೆ ಕೆಲಸ ಮಾಡಿ 638 ಎರಡ ಸಲ ಜಮಾ ಆಗೋದೂ ಐತಿ, ಒಂದು ರಿಫಂಡ್, ಒಂದು ನಿಮ್ಮ ಯುಪಿಐ ದೂರಿನ ಮ್ಯಾಲ ಬ್ಯಾಂಕು ಹೊಳ್ಳಿ ಹಾಕೋ ಚಾರ್ಜ್‌ಬ್ಯಾಕ್. ಅದು ನಿಮ್ಮ ಭಾಗ್ಯ ಅಂತ ಖರ್ಚು ಮಾಡಬ್ಯಾಡ್ರಿ, ಆ್ಯಪ್‌ನವ್ರು ರಿಫಂಡ್ ಮಾಡಿದ ಪುರಾವೆ ತೋರಿಸಿದ್ರ ಬ್ಯಾಂಕಿನಾಂವ ತಾ ಹಾಕಿದ್ದನ್ನ ಹೊಳ್ಳಿ ತಗೋತಾನ, ಆ ದಿನ ಖಾತೆಯೊಳಗ ರೊಕ್ಕ ಇರಬೇಕು ಅಷ್ಟ. ಒಂದು ಬಂದ ಕೂಡಲೇ ಇನ್ನೊಂದು ಕಡೆ ದೂರು ಮುಚ್ಚಿಬಿಡ್ರಿ.